ಟೈರ್, ಬ್ಯಾಟರಿ, ಬಂಪರ್ ಕ್ಲೈಮ್: ಕೊಡಗಿನ ರಸ್ತೆಗಳಲ್ಲಿ ವಾಹನ ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ, ಇಲ್ಲವೇ ವಿರಾಜಪೇಟೆಯಿಂದ ಮಾಕುಟ್ಟ ದಾಟುವಾಗ, ಬರೆ ಕುಸಿದು ರಸ್ತೆಗೆ ಉರುಳಿದ ಕಲ್ಲು ತಿರುವಿನಲ್ಲಿ ಕಣ್ಣಿಗೆ ಬೀಳುವುದೇ ತಡವಾಗಿ. ಚಕ್ರ ಬಡಿಯುತ್ತದೆ, ಟೈರಿನ ಪಕ್ಕ ಸೀಳುತ್ತದೆ. ಸ್ಟೆಪ್ನಿ ಹಾಕಿಕೊಂಡು ಊರು ಸೇರಿ ವಿಚಾರಿಸಿದರೆ, "ಟೈರಿಗೆಲ್ಲ ಇನ್ಶೂರೆನ್ಸ್ ಬರಲ್ಲ ಸಾರ್" ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಅರ್ಧ ಸರಿ. ಟೈರ್ ಒಂದೇ ಹಾಳಾಗಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಬರುವುದಿಲ್ಲ. ಅದೇ ಏಟಿಗೆ ವಾಹನದ ಬೇರೆ ಭಾಗಕ್ಕೂ ಪೆಟ್ಟಾಗಿದ್ದರೆ ಟೈರಿನ ಅರ್ಧ ಬೆಲೆಯೂ ಬರುತ್ತದೆ, ಆ ಬೇರೆ ಭಾಗಗಳ ಹಣವೂ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬಾಗಿದ ರಿಮ್ಮನ್ನು ಸುತ್ತಿಗೆಯಲ್ಲಿ ಹೊಡೆಸಿ ನೇರ ಮಾಡಿಸಿಕೊಂಡು, ಇದ್ದ ಒಂದೇ ಸಾಕ್ಷಿಯನ್ನು ತಾವೇ ಅಳಿಸಿಬಿಡುತ್ತಾರೆ.

ಮೊದಲೇ ಒಂದು ಮಾತು. ಇಲ್ಲಿ ಹೇಳುವುದೆಲ್ಲ ಸ್ವಂತ ವಾಹನದ ಹಾನಿಯನ್ನೂ ಒಳಗೊಂಡ ಪಾಲಿಸಿಗೆ, ಅಂದರೆ ಪ್ಯಾಕೇಜ್ ಅಥವಾ ಕಾಂಪ್ರೆಹೆನ್ಸಿವ್ ಎನ್ನುವ ಪಾಲಿಸಿಗೆ ಸಂಬಂಧಿಸಿದ್ದು. ಥರ್ಡ್ ಪಾರ್ಟಿ ಮಾತ್ರ ಇರುವ ಪಾಲಿಸಿಯಲ್ಲಿ ನಿಮ್ಮ ವಾಹನಕ್ಕೆ ಏನೇ ಆದರೂ ಒಂದು ರೂಪಾಯಿಯೂ ಇಲ್ಲ.

ಷರತ್ತಿನಲ್ಲಿ ನಿಜವಾಗಿ ಏನಿದೆ

ಭಾರತದ ವಾಹನ ವಿಮಾ ಪಾಲಿಸಿಗಳ ಮಾತುಗಳು ಇಂದಿಗೂ ಹೆಚ್ಚುಕಡಿಮೆ 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನವೇ. ಪಾಲಿಸಿಯ ಮೊದಲ ಭಾಗದಲ್ಲಿ ಯಾವ ಕಾರಣದಿಂದ ಹಾನಿಯಾದರೆ ಹಣ ಕೊಡಬೇಕು ಎಂಬ ಪಟ್ಟಿಯಿದೆ: ಬೆಂಕಿ, ಕಳವು, ಗಲಭೆ, ಭೂಕಂಪ, ಪ್ರವಾಹ, ಬಿರುಗಾಳಿ, ಹೊರಗಿನಿಂದ ಆಕಸ್ಮಿಕವಾಗಿ ಬಿದ್ದ ಪೆಟ್ಟು ಹೀಗೆ. ಕೊಡಗಿನವರು ಗಮನಿಸಬೇಕಾದ್ದು, ಭೂಕುಸಿತ ಮತ್ತು ಬಂಡೆ ಉರುಳುವುದು ಆ ಪಟ್ಟಿಯಲ್ಲಿ ಹೆಸರು ಹಿಡಿದೇ ಇವೆ. 2018ರ ಆಗಸ್ಟ್‌ನಲ್ಲಿ ಆದಂತೆ ಬರೆ ಕುಸಿದು ವಾಹನದ ಮೇಲೆ ಬಿದ್ದರೆ ಅದು ಪಾಲಿಸಿಯೊಳಗೇ ಬರುತ್ತದೆ. ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಕೊಳ್ಳುವ ಬೇರೆ ಆಡ್-ಆನ್ ಬೇಕಿಲ್ಲ.

ಆ ಪಟ್ಟಿಯ ಕೆಳಗೆ ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬುದೂ ಇದೆ. ಸವೆತ, ಯಾಂತ್ರಿಕ ಅಥವಾ ವಿದ್ಯುತ್ ಭಾಗ ತಾನಾಗಿ ಕೆಡುವುದು, ಒಂದು ಹಾನಿಯ ಪರಿಣಾಮವಾಗಿ ಆಮೇಲೆ ಆಗುವ ಇನ್ನೊಂದು ಹಾನಿ ಇವೆಲ್ಲ ಹೊರಗೆ. ಅದರ ಜೊತೆಗೇ ಟೈರಿನ ಷರತ್ತು: ಅದೇ ವೇಳೆಗೆ ವಾಹನಕ್ಕೂ ಹಾನಿಯಾಗಿದ್ದರೆ ಹೊರತು ಟೈರ್ ಮತ್ತು ಟ್ಯೂಬಿನ ಹಾನಿಗೆ ಹಣವಿಲ್ಲ. ವಾಹನಕ್ಕೂ ಹಾನಿಯಾಗಿದ್ದರೆ, ಹೊಸ ಟೈರ್ ಹಾಕುವ ಖರ್ಚಿನ 50%ರಷ್ಟು ಮಾತ್ರ.

ಈ ವಾಕ್ಯದಲ್ಲಿ ತೂಕವಿರುವುದು 'ಅದೇ ವೇಳೆಗೆ' ಮತ್ತು 'ವಾಹನ' ಎಂಬ ಎರಡು ಮಾತುಗಳಿಗೆ. ಷರತ್ತು ಹೆಸರಿಸಿರುವುದು ಟೈರ್ ಮತ್ತು ಟ್ಯೂಬನ್ನು ಮಾತ್ರ. ರಿಮ್ಮನ್ನು ಹೆಸರಿಸಿಲ್ಲ. ಹಾಗಾಗಿ ಕಬ್ಬಿಣದ್ದಿರಲಿ, ಅಲಾಯ್ ಇರಲಿ, ರಿಮ್ ವಾಹನದ ಭಾಗ. ಕಲ್ಲಿಗೆ ಬಡಿದು ಟೈರ್ ಸೀಳಿ ರಿಮ್ಮಿನ ಅಂಚು ಬಾಗಿದ್ದರೆ ವಾಹನಕ್ಕೂ ಅದೇ ವೇಳೆಗೆ ಹಾನಿಯಾಗಿದೆ ಎಂದೇ ಅರ್ಥ. ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಬಾಗಿದ್ದು, ಸೋರುವ ಶಾಕ್ ಅಬ್ಸಾರ್ಬರ್, ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನಿಂಗ್ ಹರಿದದ್ದು, ಬಂಪರಿನ ಕೆಳಭಾಗ ಒಡೆದದ್ದು ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಈ ಷರತ್ತನ್ನು ಯಾಕೆ ಇಟ್ಟರು? ಟೈರ್ ದಿನದಿನವೂ ಸವೆಯುವ ವಸ್ತು. ಮೊಳೆ ಚುಚ್ಚುತ್ತದೆ, ಗಾಳಿ ಕಡಿಮೆಯಿದ್ದಾಗ ಪಕ್ಕ ಕೆಡುತ್ತದೆ, ವಯಸ್ಸಾಗಿ ಬಿರುಕು ಬಿಡುತ್ತದೆ. ಬರೀ ಒಡೆದ ಟೈರನ್ನು ನೋಡಿ ಅದು ಅಪಘಾತದಲ್ಲಿ ಹೋಯಿತೇ, ತಾನಾಗಿ ಹೋಯಿತೇ ಎಂದು ಹೇಳುವುದು ಬಹಳ ಸಲ ಆಗುವುದಿಲ್ಲ. ಹೊರಗಿನಿಂದ ನಿಜವಾಗಿ ದೊಡ್ಡ ಏಟು ಬಿದ್ದಿದ್ದರೆ ರಬ್ಬರಿಗಿಂತ ಗಟ್ಟಿಯಾದ ಯಾವುದಾದರೂ ಭಾಗದಲ್ಲೂ ಗುರುತು ಉಳಿದಿರುತ್ತದೆ. ವಿಮಾ ಕಂಪನಿ ಕೇಳುವುದು ಆ ಗುರುತನ್ನೇ. 50% ಕಡಿತದ ಹಿಂದೆಯೂ ಇದೇ ಲೆಕ್ಕವಿದೆ: ನೀವು ಕಳೆದುಕೊಂಡದ್ದು ಅರ್ಧ ಓಡಿದ ಟೈರ್, ಪಡೆಯುವುದು ಹೊಸ ಟೈರ್.

ಈ ತರ್ಕ ನ್ಯಾಯವಾದದ್ದೇ. ಆದರೆ ಕಲ್ಲಿನ ಚೂಪಿಗೆ ಟೈರಿನ ಪಕ್ಕ ಮಾತ್ರ ಕೊಯ್ದು ರಿಮ್ಮಿಗೆ ಗೀರೂ ಬೀಳದ ಸಂದರ್ಭಗಳು ಘಟ್ಟದ ರಸ್ತೆಯಲ್ಲಿ ಸಾಕಷ್ಟಿವೆ. ಅಲ್ಲಿ ಈ ಷರತ್ತು ನಿಜವಾದ ನಷ್ಟವನ್ನೂ ಹೊರಗಿಟ್ಟುಬಿಡುತ್ತದೆ. ಅದಕ್ಕೆ ದಾರಿ ಟೈರ್ ಆಡ್-ಆನ್ ಒಂದೇ. ಅದರ ಮಾತು ಮುಂದೆ ಬರುತ್ತದೆ.

ಬಂಪರ್ ವಿಷಯದಲ್ಲಿ ಇರುವ ಗೊಂದಲ

ಬಂಪರನ್ನೂ ಟೈರಿನ ಜೊತೆ ಸೇರಿಸಿ "ಅದಕ್ಕೂ ಬರಲ್ಲ" ಎನ್ನುವವರಿದ್ದಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಇದು ತಪ್ಪು. ಕಾರಿನ ಬಂಪರ್ ಒಂದೇ ಒಡೆದಿದ್ದರೂ ಕ್ಲೈಮ್ ಇದೆ, ಬೇರೆ ಭಾಗಕ್ಕೆ ಹಾನಿಯಾಗಿರಬೇಕೆಂಬ ಷರತ್ತಿಲ್ಲ. ಕಾಡಾನೆ ಸೊಂಡಿಲಿನಿಂದ ತಳ್ಳಿ ಒಡೆದರೂ ಅದು ಹೊರಗಿನ ಆಕಸ್ಮಿಕ ಪೆಟ್ಟೇ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅದಕ್ಕೂ 50% ಸವಕಳಿ ಕಡಿತವಾಗುತ್ತದೆ, ಅಷ್ಟೆ.

ಗೊಂದಲ ಬಂದಿರುವುದು ಗೂಡ್ಸ್ ವಾಹನಗಳಿಂದ. ಕಾಫಿ, ಮೆಣಸು, ಗೊಬ್ಬರ ಸಾಗಿಸುವ ಪಿಕಪ್ ತೋಟದಲ್ಲೇ ಓಡಾಡಿದರೂ ಗೂಡ್ಸ್ ವಾಹನವಾಗಿ ನೋಂದಣಿಯಾಗಿದ್ದರೆ ಅದರ ಪಾಲಿಸಿ ವಾಣಿಜ್ಯ ಪಾಲಿಸಿ. ಅದಕ್ಕೆ ಇಂಡಿಯಾ ಮೋಟಾರ್ ಟ್ಯಾರಿಫ್‌ನ 21ನೇ ಸಂಖ್ಯೆಯ, ಅಂದರೆ ಐಎಂಟಿ 21 ಎಂಬ ಷರತ್ತು ಅಂಟಿಕೊಂಡಿರುತ್ತದೆ. ವಾಹನ ಪೂರ್ತಿ ನಷ್ಟವಾದರೆ ಹೊರತು ಲ್ಯಾಂಪ್, ಟೈರ್, ಟ್ಯೂಬ್, ಮಡ್‌ಗಾರ್ಡ್, ಬಾನೆಟ್ಟಿನ ಪಕ್ಕದ ಭಾಗ, ಬಂಪರ್, ಪೇಂಟ್ ಇವುಗಳ ಹಾನಿಗೆ ಹಣವಿಲ್ಲ ಎಂದು ಅದು ಹೇಳುತ್ತದೆ. ಅಂದರೆ ಪಿಕಪ್ ಮರಕ್ಕೆ ಗುದ್ದಿ ಮುಂಭಾಗ ನುಗ್ಗಾಗಿ, ರೇಡಿಯೇಟರ್ ಹೋಗಿ, ಚಾಸಿ ಬಾಗಿದ್ದರೆ ರೇಡಿಯೇಟರಿಗೂ ಚಾಸಿಗೂ ಹಣ ಬರುತ್ತದೆ. ಆದರೆ ಅದೇ ಏಟಿಗೆ ಹೋದ ಬಂಪರ್, ಹೆಡ್‌ಲೈಟ್, ಟೈರಿಗೆ ಬರುವುದಿಲ್ಲ. ಇಲ್ಲಿ 'ವಾಹನಕ್ಕೂ ಹಾನಿಯಾಗಿದೆ' ಎಂದು ತೋರಿಸಿದರೂ ಪ್ರಯೋಜನವಿಲ್ಲ.

ಇದನ್ನು ಮರಳಿ ಒಳಗೆ ತರುವುದು ಐಎಂಟಿ 23. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಇದನ್ನು ಸೇರಿಸಿಕೊಂಡರೆ ಮೇಲಿನ ಭಾಗಗಳಿಗೂ ರಕ್ಷಣೆ ಸಿಗುತ್ತದೆ, ಆದರೆ ಪ್ರತಿ ಭಾಗದ ಅಂದಾಜು ನಷ್ಟದಲ್ಲಿ ಅರ್ಧವನ್ನು ಮಾಲೀಕನೇ ಹೊರಬೇಕು. ಪಿಕಪ್ ಇಟ್ಟುಕೊಂಡವರು ಈಗಲೇ ಪಾಲಿಸಿಯ ಮೊದಲ ಪುಟ ತೆಗೆದು, ಸೇರಿಸಿದ ಷರತ್ತುಗಳ ಸಂಖ್ಯೆ ತೋರಿಸುವ ಎಂಡಾರ್ಸ್‌ಮೆಂಟ್ ಸಾಲಿನಲ್ಲಿ 23 ಎಂಬ ಅಂಕಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ನವೀಕರಣದ ಹೊತ್ತಿಗೆ ಏಜೆಂಟರಿಗೆ ಹೇಳಿ ಸೇರಿಸಿಕೊಳ್ಳಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತೋಟದ ಕಲ್ಲುರಸ್ತೆಯಲ್ಲಿ ಲೋಡ್ ಹೊತ್ತು ಓಡುವ ವಾಹನಕ್ಕೆ ಇದು ಬೇಕೇ ಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಟ್ಯಾಕ್ಸಿಗಳಿಗೆ ಐಎಂಟಿ 21ರ ಈ ಹೊರಗಿಡುವಿಕೆ ಅನ್ವಯಿಸುವುದಿಲ್ಲ. ಹಾಗಾಗಿ ಪ್ರವಾಸಿಗರನ್ನು ಸುತ್ತಿಸುವ ಟ್ಯಾಕ್ಸಿಯ ನಿಯಮವನ್ನು ಪಿಕಪ್ಪಿಗೆ, ಪಿಕಪ್ಪಿನದನ್ನು ಟ್ಯಾಕ್ಸಿಗೆ ಹಚ್ಚಬೇಡಿ.

ಬ್ಯಾಟರಿ

ಬ್ಯಾಟರಿಗೆ ಟೈರಿನಂಥ ಪ್ರತ್ಯೇಕ ಷರತ್ತು ಇಲ್ಲ. ಅದು ಸಿಕ್ಕಿಹಾಕಿಕೊಳ್ಳುವುದು ಸವೆತ ಮತ್ತು ವಿದ್ಯುತ್ ದೋಷದ ಹೊರಗಿಡುವಿಕೆಯಲ್ಲಿ. ಬೆಳಗ್ಗೆ ಚಳಿಗೆ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಸತ್ತಿದೆ ಎಂದರೆ ಅದು ಕ್ಲೈಮ್ ಅಲ್ಲ, ವಾರಂಟಿ ಕಾರ್ಡ್ ಹಿಡಿದು ಬ್ಯಾಟರಿ ಅಂಗಡಿಗೆ ಹೋಗಬೇಕಾದ ವಿಷಯ. ಅಪಘಾತದ ಏಟಿಗೆ ಪೆಟ್ಟಿಗೆ ಒಡೆದು ಆಸಿಡ್ ಸೋರಿದ್ದರೆ, ಬೆಂಕಿಯಲ್ಲಿ ಸುಟ್ಟಿದ್ದರೆ, ಕಳುವಾಗಿದ್ದರೆ, ಭಾಗಮಂಡಲದಲ್ಲಿ ನೀರು ಏರಿ ವಾಹನ ಮುಳುಗಿ ಬ್ಯಾಟರಿ ಹಾಳಾಗಿದ್ದರೆ ಅದು ಕ್ಲೈಮ್. ಆಗಲೂ 50% ಕಡಿತವಿದೆ.

ಹಾನಿ ಪರಿಶೀಲಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ವ್ಯತ್ಯಾಸ ಕಂಡುಹಿಡಿಯುವುದು ಹೀಗೆ. ಏಟಿನಿಂದ ಹೋದ ಬ್ಯಾಟರಿಯ ಪೆಟ್ಟಿಗೆಯಲ್ಲಿ ಬಿರುಕು, ಮುರಿದ ಟರ್ಮಿನಲ್, ಬಾಗಿದ ಕ್ಲಾಂಪ್ ಕಾಣುತ್ತದೆ, ಸುತ್ತಲಿನ ತಗಡೂ ನುಗ್ಗಾಗಿರುತ್ತದೆ. ಪೆಟ್ಟಿಗೆ ಎಲ್ಲ ಕಡೆ ಸಮವಾಗಿ ಉಬ್ಬಿದ್ದರೆ ಅದು ಅತಿಯಾಗಿ ಚಾರ್ಜ್ ಆದ ಲಕ್ಷಣ, ಅಪಘಾತದ್ದಲ್ಲ. ಕಳವಾಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಲೇಬೇಕು. ನೀರಿನಲ್ಲಿ ನಿಂತ ವಾಹನವಾದರೆ ಯಾವ ಕಾರಣಕ್ಕೂ ಜಂಪ್ ಸ್ಟಾರ್ಟ್ ಮಾಡಬೇಡಿ. ನೀರು ಮುಟ್ಟಿ ಕೆಟ್ಟದ್ದು ಪ್ರವಾಹದ ಹಾನಿ, ಆಮೇಲೆ ಸ್ಟಾರ್ಟ್ ಮಾಡಿ ಸುಟ್ಟದ್ದು ನಿಮ್ಮ ಕೈಯಾರೆ ಆದ ಮುಂದುವರಿದ ಹಾನಿ ಎಂದು ಬೇರೆ ಮಾಡಿಬಿಡುತ್ತಾರೆ. ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸುವ ಕೆಸರಿನ ಗೆರೆಯ ಫೋಟೋ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಎಳೆಸಿಕೊಂಡು ಹೋಗಿ.

ಹೆಜ್ಜೆ 1: ಜಾಗದಲ್ಲಿ ಮೊದಲ ಹತ್ತು ನಿಮಿಷ

ಈಗ ಮತ್ತೆ ಘಟ್ಟದ ಕಾರಿಗೆ ಬರೋಣ. ಕಲ್ಲು ಬಡಿದ ಮೇಲೆ ಗಾಳಿ ಹೋದ ಟೈರಿನಲ್ಲಿ ವಾಹನ ಓಡಿಸಬಾರದು. ಕ್ಲೈಮ್‌ಗಳು ಅತಿ ಹೆಚ್ಚು ಕೆಡುವುದು ಇಲ್ಲಿಯೇ. ಗಾಳಿಯಿಲ್ಲದೆ ಓಡಿದ ಟೈರಿನ ಪಕ್ಕ ರಿಮ್ಮಿಗೂ ರಸ್ತೆಗೂ ನಡುವೆ ಅರೆದು, ಸುತ್ತಲೂ ಬಳೆಯಂಥ ಗುರುತು ಮೂಡುತ್ತದೆ. ಬಿಚ್ಚಿ ನೋಡಿದರೆ ಒಳಗೆ ಕಪ್ಪು ರಬ್ಬರ್ ಪುಡಿ ಇರುತ್ತದೆ. ಅದನ್ನು ಕಂಡ ಸರ್ವೇಯರ್, ಟೈರ್ ಹೋದದ್ದು ಕಲ್ಲಿನಿಂದಲ್ಲ, ಗಾಳಿಯಿಲ್ಲದೆ ಓಡಿಸಿದ್ದರಿಂದ ಎಂದು ಬರೆಯುತ್ತಾರೆ. ಹಾನಿಯಾದ ಮೇಲೆ ರಿಪೇರಿ ಮಾಡದೆ ಓಡಿಸಿದರೆ ಹೆಚ್ಚಾಗುವ ಹಾನಿ ಮಾಲೀಕನದೇ ಎಂದು ಪಾಲಿಸಿಯ ಷರತ್ತುಗಳಲ್ಲೂ ಇದೆ.

ಆದರೆ ತಿರುವಿನಲ್ಲಿ, ಮಂಜಿನಲ್ಲಿ, ಹಿಂದಿನಿಂದ ಬಸ್ಸು ಬರುವ ಜಾಗದಲ್ಲಿ ನಿಲ್ಲುವುದು ಜೀವಕ್ಕೇ ಅಪಾಯ. ಹಜಾರ್ಡ್ ಲೈಟ್ ಹಾಕಿ, ಸುರಕ್ಷಿತವಾಗಿ ಆಗುವುದಾದರೆ ಒಂದು ಫೋಟೋ ತೆಗೆದು, ನಡೆಯುವ ವೇಗದಲ್ಲಿ ಹತ್ತಿರದ ಅಗಲ ಜಾಗಕ್ಕೆ ಸರಿಸಿ. ಹಾಗೆ ಸರಿಸಿದ್ದನ್ನು ಕ್ಲೈಮ್ ಅರ್ಜಿಯಲ್ಲೂ ಬರೆಯಿರಿ. ಮುಚ್ಚಿಟ್ಟರೆ ಅನುಮಾನ, ಬರೆದರೆ ವಿವರಣೆ.

ಫೋಟೋ ತೆಗೆಯುವಾಗ ಒಂದು ಕ್ರಮವಿರಲಿ. ಮೊದಲು ದೂರದಿಂದ, ನಂಬರ್ ಪ್ಲೇಟ್, ರಸ್ತೆ, ಕಲ್ಲು ಮೂರೂ ಒಂದೇ ಚೌಕಟ್ಟಿನಲ್ಲಿ. ಹತ್ತಿರದಲ್ಲಿ ಕಿಲೋಮೀಟರ್ ಕಲ್ಲಿದ್ದರೆ ಅದೂ ಇರಲಿ. ಆಮೇಲೆ ಚಕ್ರ ಪೂರ್ತಿ ಕಾಣುವಂತೆ, ಆಮೇಲೆ ಟೈರಿನ ಸೀಳಿಗೆ ಹತ್ತಿರದಿಂದ, ಅದರ ನೇರದಲ್ಲೇ ಇರುವ ರಿಮ್ಮಿನ ಅಂಚು. ಟೈರಿನ ಸೀಳೂ ರಿಮ್ಮಿನ ನುಗ್ಗೂ ಒಂದೇ ಜಾಗದಲ್ಲಿವೆ ಎಂದು ತೋರಿಸುವ ಫೋಟೋ ಇಡೀ ಕ್ಲೈಮಿನಲ್ಲಿ ಅತಿ ಬೆಲೆಯುಳ್ಳದ್ದು. ಟೈರ್ ಬಿಚ್ಚಿದ ಮೇಲೆ ಅದು ಸಿಗುವುದಿಲ್ಲ. ಕೊನೆಗೆ ಬಂಪರಿನ ಅಡಿ, ಚಕ್ರದ ಮೇಲಿನ ಲೈನಿಂಗ್, ಎಣ್ಣೆ ಅಥವಾ ಕೂಲೆಂಟ್ ತೊಟ್ಟಿಕ್ಕುತ್ತಿದೆಯೇ ಎಂದು ನೆಲ. ಮಳೆಯಲ್ಲಿ ಕ್ಯಾಮೆರಾ ಗಾಜು ಒರೆಸಿಕೊಳ್ಳಿ. ಮಬ್ಬಾದ ಹತ್ತು ಫೋಟೋಗಿಂತ ಸ್ಪಷ್ಟವಾದ ಎರಡು ಮೇಲು.

ಹೆಜ್ಜೆ 2: ತಿಳಿಸುವುದು, ಮತ್ತು ಯಾವ ಮಾತಿನಲ್ಲಿ

ಘಟ್ಟದಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕ ಕೂಡಲೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಅಥವಾ ಆ್ಯಪ್‌ನಲ್ಲಿ ದಾಖಲಿಸಿ, ಕ್ಲೈಮ್ ಸಂಖ್ಯೆ ಬರೆದುಕೊಳ್ಳಿ. ತಡವಾಗಿದ್ದರೆ ಕಾರಣವನ್ನೂ ಆಗಲೇ ಹೇಳಿ.

ಇಲ್ಲಿ ಬಳಸುವ ಮಾತು ಮುಖ್ಯ. "ಟೈರ್ ಬರ್ಸ್ಟ್ ಆಯ್ತು" ಎಂದಷ್ಟೇ ಹೇಳಿದರೆ ಆ ಬದಿಯವರು ಹಾಗೆಯೇ ದಾಖಲಿಸುತ್ತಾರೆ, ಮತ್ತು ಆ ಎರಡು ಪದ ಕೊನೆಯವರೆಗೂ ಕಡತದಲ್ಲಿ ಉಳಿಯುತ್ತವೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿ: "ರಾತ್ರಿ ಎಂಟೂವರೆಗೆ ಮದೆನಾಡಿನ ಕೆಳಗಿನ ತಿರುವಿನಲ್ಲಿ ರಸ್ತೆಗೆ ಬಿದ್ದಿದ್ದ ಕಲ್ಲಿಗೆ ಎಡಗಡೆ ಮುಂದಿನ ಚಕ್ರ ಮತ್ತು ಬಂಪರ್ ಬಡಿಯಿತು. ಟೈರ್ ಸೀಳಿದೆ, ರಿಮ್ ಬಾಗಿದೆ, ಬಂಪರ್ ಒಡೆದಿದೆ. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿದೆ, ಅಡಿಯ ಹಾನಿ ಇನ್ನೂ ನೋಡಿಲ್ಲ." ಕೊನೆಯ ವಾಕ್ಯವನ್ನು ಮರೆಯಬೇಡಿ. ಆಮೇಲೆ ಲಿಫ್ಟಿಗೆ ಏರಿಸಿದಾಗ ಲೋವರ್ ಆರ್ಮ್ ಬಾಗಿದ್ದು ಕಂಡರೆ, ಅದು ಹೊಸದಾಗಿ ಸೇರಿಸಿದ್ದು ಎಂಬ ಮಾತು ಬರುವುದಿಲ್ಲ.

ಇನ್ನೊಂದು ಕ್ರಮದಲ್ಲೂ ಘಟನೆ ನಡೆಯಬಹುದು. ಮೊದಲು ಟೈರ್ ತಾನಾಗಿ ಒಡೆದು, ವಾಹನ ಹಿಡಿತ ತಪ್ಪಿ ಮೋರಿಗೆ ಗುದ್ದಬಹುದು. ಆಗ ಗುದ್ದಿದ್ದರಿಂದ ಆದ ಹಾನಿಗೆ ಹಣವಿದೆ, ಟೈರಿನ ಬಗ್ಗೆ ಮಾತ್ರ ವಾದ ಬರುತ್ತದೆ. ಅದನ್ನು ತಪ್ಪಿಸಲು ಕ್ರಮವನ್ನು ತಿರುಗಿಸಿ ಹೇಳಬೇಡಿ. ಟೈರ್, ರಿಮ್, ರಸ್ತೆಯ ಗುರುತು ಮೂರೂ ಬೇರೆ ಕಥೆ ಹೇಳಿದರೆ ಟೈರಿನ ಅರ್ಧ ಬೆಲೆಗಾಗಿ ಇಡೀ ಕ್ಲೈಮನ್ನೇ ಕಳೆದುಕೊಳ್ಳುತ್ತೀರಿ. ಆಗದ ಹಾನಿಯನ್ನು ಆಮೇಲೆ ಮಾಡಿಸಿ ತೋರಿಸುವುದಂತೂ ವಂಚನೆ. ಹೊಸ ಸುತ್ತಿಗೆ ಏಟು ಸರ್ವೇಯರ್ ಕಣ್ಣಿಗೆ ಬೀಳದೆ ಇರುವುದಿಲ್ಲ.

ಹೆಜ್ಜೆ 3: ಟೋಯಿಂಗ್ ಮತ್ತು ಗ್ಯಾರೇಜ್

ಸ್ಟಿಯರಿಂಗ್ ಎಳೆಯುತ್ತಿದ್ದರೆ ಸ್ಟೆಪ್ನಿ ಹಾಕಿಯೂ ಓಡಿಸಬೇಡಿ, ಎಳೆಸಿ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಹತ್ತಿರದ ಗ್ಯಾರೇಜಿಗೆ ಸಾಗಿಸುವ ಖರ್ಚಿಗೆ ₹1,500ರ ಮಿತಿಯಿದೆ. ಘಟ್ಟದಿಂದ ಮೈಸೂರಿಗೋ ಮಂಗಳೂರಿಗೋ ಎಳೆಸಿದರೆ ಖರ್ಚು ಅದನ್ನು ಮೀರುತ್ತದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಆಡ್-ಆನ್ ಇದ್ದರೆ ಎಷ್ಟು ಕಿಲೋಮೀಟರ್ ಉಚಿತ ಎಂದು ಕರೆಯಲ್ಲೇ ಕೇಳಿ. ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಬೇಕಿದ್ದರೆ ಕಂಪನಿಯ ಒಪ್ಪಂದವಿರುವ ನೆಟ್‌ವರ್ಕ್ ಗ್ಯಾರೇಜೇ ಆಗಬೇಕು. ಮಡಿಕೇರಿ, ಕುಶಾಲನಗರದ ಪರಿಚಯದ ಗ್ಯಾರೇಜಿನಲ್ಲಿ ಮಾಡಿಸಿ, ಬಿಲ್ ಕಟ್ಟಿ, ಆಮೇಲೆ ಹಣ ಪಡೆಯುವುದೂ ಸರಿಯೇ. ಎರಡರಲ್ಲೂ ಕೈಗೆ ಬರುವ ಮೊತ್ತದ ಲೆಕ್ಕ ಒಂದೇ.

ಹೆಜ್ಜೆ 4: ಸರ್ವೇ

ಸರ್ವೇಯರ್ ನೋಡುವವರೆಗೆ ಏನನ್ನೂ ಬಿಚ್ಚಬಾರದು, ಟೈರನ್ನಂತೂ ರಿಮ್ಮಿನಿಂದ ತೆಗೆಯಲೇಬಾರದು. ಸ್ಟೆಪ್ನಿ ಹಾಕಿಕೊಂಡು ಬಂದಿದ್ದರೆ ಹಾಳಾದ ಚಕ್ರವನ್ನು ಹಾಗೆಯೇ ಡಿಕ್ಕಿಯಲ್ಲಿಡಿ. ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಬಂದ ಟೈರ್ ಮರುದಿನ ಹುಡುಕಿದರೆ ಸಿಗುವುದಿಲ್ಲ, ಮತ್ತು ಟೈರ್ ಇಲ್ಲದೆ ಟೈರಿನ ಕ್ಲೈಮ್ ಇಲ್ಲ.

ಸರ್ವೇಯರ್ ಟೈರಿನಲ್ಲಿ ನೋಡುವುದು ಮೂರು ವಿಷಯ. ಒಂದು, ಸೀಳಿನ ಆಕಾರ. ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಿಸುಕಿದ ಟೈರಿನಲ್ಲಿ ಏಟು ಬಿದ್ದ ಒಂದೇ ಜಾಗದಲ್ಲಿ ಸೀಳು ಅಥವಾ ಉಬ್ಬು ಇರುತ್ತದೆ, ಒಳಗಿನ ದಾರಗಳು ತುಂಡಾಗಿರುತ್ತವೆ. ವಯಸ್ಸಿನಿಂದ ಹೋದ ಟೈರಿನಲ್ಲಿ ಸುತ್ತಲೂ ಸಣ್ಣ ಬಿರುಕುಗಳಿರುತ್ತವೆ. ಎರಡು, ಹಲ್ಲಿನ ಆಳ. ಟೈರಿನ ಕಾಲುವೆಗಳಲ್ಲಿ ಅಲ್ಲಲ್ಲಿ ಅಡ್ಡವಾಗಿ ಎದ್ದಿರುವ ಸಣ್ಣ ರಬ್ಬರ್ ದಿಣ್ಣೆ 1.6 ಮಿಲಿಮೀಟರ್ ಎತ್ತರದ್ದು. ಹಲ್ಲು ಅದರ ಮಟ್ಟಕ್ಕೆ ಸವೆದಿದ್ದರೆ ಟೈರ್ ಮುಗಿದಂತೆ, ಆಗ ಹಣ ಕೇಳುವ ನೆಲೆಯೇ ಕುಸಿಯುತ್ತದೆ. ಮೂರು, ತಯಾರಾದ ಕಾಲ. ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2322 ಎಂದಿದ್ದರೆ 2022ರ 23ನೇ ವಾರ.

ಸಾಧ್ಯವಾದರೆ ಸರ್ವೇ ವೇಳೆ ನೀವೇ ಹಾಜರಿರಿ. ವಾಹನವನ್ನು ಲಿಫ್ಟಿಗೆ ಏರಿಸಿ ಅಡಿಯಿಂದ ನೋಡಲು ಹೇಳಿ, ಅಲೈನ್‌ಮೆಂಟ್ ಯಂತ್ರದ ಮುದ್ರಿತ ವರದಿ ತೆಗೆಸಿ ಕೊಡಿ. ಎಡ ಚಕ್ರದ ಕೋನ ಬಲಕ್ಕಿಂತ ಬಹಳ ಬೇರೆಯಿದ್ದರೆ, ಏಟು ಸಸ್ಪೆನ್ಷನ್‌ವರೆಗೆ ಹೋಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹೆಜ್ಜೆ 5: ಎಸ್ಟಿಮೇಟ್ ಓದುವುದು, ಲೆಕ್ಕ ಹಾಕುವುದು

ಭಾಗದ ಸ್ವಭಾವಕ್ಕೆ ತಕ್ಕಂತೆ ಸವಕಳಿ ಕಡಿತ ಬದಲಾಗುತ್ತದೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ 50%. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ: ಎರಡರಿಂದ ಮೂರು ವರ್ಷದೊಳಗೆ 15%, ಐದು ದಾಟಿ ಹತ್ತರವರೆಗೆ 40%. ಕೂಲಿಗೆ ಕಡಿತವಿಲ್ಲ. ಪೇಂಟಿನಲ್ಲಿ ಸಾಮಗ್ರಿಗೆ ಮಾತ್ರ 50%. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬೇರೆ ಮಾಡಿರದಿದ್ದರೆ ಒಟ್ಟು ಪೇಂಟಿಂಗ್ ಮೊತ್ತದ 25% ಸಾಮಗ್ರಿ ಎಂದು ಹಿಡಿಯುತ್ತಾರೆ.

ನಮ್ಮ ಘಟ್ಟದ ಕಾರಿಗೆ ಎರಡು ವರ್ಷ ನಾಲ್ಕು ತಿಂಗಳು, ಇಂಜಿನ್ 1,200 ಸಿಸಿ ಎಂದುಕೊಳ್ಳಿ. ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.

ಟೈರ್ ₹6,000, ಕಂಪನಿ ಕೊಡುವುದು ₹3,000.
ಅಲಾಯ್ ರಿಮ್ ₹8,000, ಕೊಡುವುದು ₹6,800.
ಲೋವರ್ ಆರ್ಮ್ ₹3,000, ಕೊಡುವುದು ₹2,550.
ಬಂಪರ್ ₹5,000, ಕೊಡುವುದು ₹2,500.
ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನಿಂಗ್ ₹1,000, ಕೊಡುವುದು ₹500.
ಪೇಂಟಿಂಗ್ ₹4,000, ಕೊಡುವುದು ₹3,500.
ಕೂಲಿ ಮತ್ತು ಅಲೈನ್‌ಮೆಂಟ್ ₹3,000, ಕೊಡುವುದು ₹3,000.

ಬಿಲ್ ₹30,000, ಒಪ್ಪಿಗೆಯಾಗುವುದು ₹21,850. ಅದರಲ್ಲಿ ಪ್ರತಿ ಕ್ಲೈಮಿಗೂ ಮಾಲೀಕ ಹೊರಬೇಕಾದ ಕಡ್ಡಾಯ ಮೊತ್ತವನ್ನು ಕಳೆಯಬೇಕು. 1,500 ಸಿಸಿವರೆಗಿನ ಖಾಸಗಿ ಕಾರಿಗೆ ಅದು ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000. ಉಳಿಯುವುದು ₹20,850. ಹಳೆಯ ರಿಮ್ಮಿನ ಗುಜರಿ ಬೆಲೆಯೆಂದು ಇನ್ನೂ ಸ್ವಲ್ಪ ಕಳೆಯುವುದುಂಟು. ಇದೇ ಏಟಿಗೆ ಟೈರ್ ಮಾತ್ರ ಹೋಗಿದ್ದರೆ ಬರುತ್ತಿದ್ದದ್ದು ಸೊನ್ನೆ.

ಎಸ್ಟಿಮೇಟಿನಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ರಿಮ್ ಮತ್ತು ಟೈರನ್ನು ಸೇರಿಸಿ 'ವೀಲ್ ಅಸೆಂಬ್ಲಿ' ಎಂದು ಒಂದೇ ಸಾಲಿನಲ್ಲಿ ಬರೆದರೆ, ರಿಮ್ಮಿಗೂ ಟೈರಿನ 50% ಬೀಳುವ ಅಪಾಯವಿದೆ. ಬೇರೆ ಬೇರೆ ಬರೆಸಿ. ಇನ್ನೊಂದು, "ಜೋಡಿ ಬದಲಿಸಬೇಕು" ಎಂದು ಬಲಗಡೆಯ ಟೈರನ್ನೂ ಸೇರಿಸುವುದು. ಓಡಾಟಕ್ಕೆ ಆ ಸಲಹೆ ಒಳ್ಳೆಯದೇ, ಆದರೆ ಹಾಳಾಗದ ಟೈರಿಗೆ ವಿಮೆಯ ಹಣವಿಲ್ಲ.

ಕ್ಲೈಮ್ ಮಾಡುವುದು ಲಾಭವೇ?

ಕ್ಲೈಮ್ ಮಾಡಿದರೆ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೈಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. ಕ್ಲೈಮಿಲ್ಲದ ವರ್ಷಗಳಿಗೆ ಅದು 20, 25, 35, 45, 50% ಎಂದು ಏರುತ್ತದೆ. ಮೇಲಿನ ಕಾರಿಗೆ ಮುಂದಿನ ನವೀಕರಣಕ್ಕೆ 35% ಸಿಗಬೇಕಿತ್ತು. ಸ್ವಂತ ಹಾನಿಯ ಪ್ರೀಮಿಯಂ ಬೋನಸ್ಸಿಗೆ ಮುಂಚೆ ₹8,000 ಎಂದು ಹಿಡಿದರೆ ಮೊದಲ ವರ್ಷ ₹2,800 ಹೋಗುತ್ತದೆ. ಆಮೇಲಿನ ವರ್ಷಗಳಲ್ಲಿ ಹಿಂದುಳಿದ ಮೆಟ್ಟಿಲುಗಳಿಂದ ₹2,000, ₹2,000, ₹1,200, ₹400. ಒಟ್ಟು ₹8,400. ₹20,850ಕ್ಕಾಗಿ ಇದು ಸರಿ. ಟೈರ್ ಮತ್ತು ಸ್ವಲ್ಪ ಗೀರಿದ ಬಂಪರ್ ಮಾತ್ರ ಇದ್ದು ಆರೇಳು ಸಾವಿರ ಬರುವುದಾದರೆ ಕೈಯಿಂದಲೇ ಕೊಟ್ಟು ಸುಮ್ಮನಿರುವುದು ಮೇಲು. ಬೋನಸ್ ಉಳಿಸುವ ಆಡ್-ಆನ್ ಇದ್ದವರ ಲೆಕ್ಕ ಬೇರೆ.

ಆಡ್-ಆನ್‌ಗಳಲ್ಲಿ ಮೋಸಹೋಗುವ ಜಾಗ

ಸವಕಳಿ ಕಡಿತ ಬೀಳದಂತೆ ಮಾಡುವ ಝೀರೋ ಡೆಪ್ ಆಡ್-ಆನ್ ಇದೆ, ಹಾಗಾಗಿ ಟೈರಿಗೂ ಪೂರ್ತಿ ಬರುತ್ತದೆ ಎಂದು ನಂಬಿದವರು ಬಹಳ. ಝೀರೋ ಡೆಪ್ ಬಂಪರ್, ರಿಮ್, ಲೋವರ್ ಆರ್ಮ್‌ಗಳ ಕಡಿತವನ್ನು ತೆಗೆಯುತ್ತದೆ. ಆದರೆ ಬಹಳಷ್ಟು ಕಂಪನಿಗಳು ಟೈರ್, ಟ್ಯೂಬನ್ನೂ, ಕೆಲವು ಬ್ಯಾಟರಿಯನ್ನೂ ಅದರಿಂದ ಹೊರಗಿಟ್ಟಿವೆ. ನಮ್ಮ ಕಾರಿಗೆ ಅಂಥ ಝೀರೋ ಡೆಪ್ ಇದ್ದಿದ್ದರೆ ಟೈರಿನ ₹3,000 ಮತ್ತು ಕಡ್ಡಾಯ ₹1,000 ಮಾತ್ರ ಕೈಬಿಟ್ಟು ₹26,000 ಬರುತ್ತಿತ್ತು. 'ವಾಹನಕ್ಕೂ ಹಾನಿಯಾಗಿರಬೇಕು' ಎಂಬ ಷರತ್ತನ್ನು ಝೀರೋ ಡೆಪ್ ತೆಗೆಯುವುದಿಲ್ಲ.

ಅದನ್ನು ತೆಗೆಯುವುದು ಟೈರ್ ಪ್ರೊಟೆಕ್ಟ್, ಟೈರ್ ಸೆಕ್ಯೂರ್ ಎಂಬಂಥ ಹೆಸರಿನ ಆಡ್-ಆನ್. ಸೀಳು, ಉಬ್ಬು, ಒಡೆತಕ್ಕೆ ಟೈರ್ ಒಂದೇ ಹಾಳಾಗಿದ್ದರೂ ಇದು ಕೊಡುತ್ತದೆ. ಉಳಿದಿರುವ ಹಲ್ಲಿನ ಆಳ ನೋಡಿ ಮೊತ್ತ ನಿಗದಿ ಮಾಡುವ ಕಂಪನಿಗಳು ಹೆಚ್ಚು. ಪಂಕ್ಚರ್ ಮತ್ತು ಸವೆತ ಇದರಲ್ಲೂ ಇಲ್ಲ. ಕೊಳ್ಳುವ ಮುಂಚೆ ಏಜೆಂಟರ ಬಳಿ ಮೂರು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಸಲ, ಎಷ್ಟು ಮಿಲಿಮೀಟರ್ ಹಲ್ಲು ಉಳಿದಿದ್ದರೆ ಎಷ್ಟು ಪಾಲು, ವಾಹನದ ಜೊತೆ ಬಂದ ಟೈರ್ ಬದಲಿಸಿದ್ದರೆ ಹೊಸದಕ್ಕೂ ಅನ್ವಯವೇ. ಹೊಸ ಟೈರ್ ಹಾಕಿಸಿದ ಬಿಲ್ಲನ್ನು ಜೋಪಾನವಾಗಿಡಿ, ಟೈರಿನ ಮೇಲಿನ ಸೀರಿಯಲ್ ಸಂಖ್ಯೆಯನ್ನು ಅದರಲ್ಲಿ ಬರೆಸಿಕೊಳ್ಳಿ.

ನಿರಾಕರಿಸಿದರೆ

ಫೋನಿನಲ್ಲಿ "ಟೈರ್ ಕವರ್ ಆಗಲ್ಲ" ಎಂದದ್ದನ್ನು ಕೊನೆಯ ಮಾತೆಂದು ಒಪ್ಪಬೇಡಿ. ಯಾವ ಷರತ್ತಿನ ಆಧಾರದ ಮೇಲೆ ನಿರಾಕರಿಸಿದ್ದೀರಿ ಎಂದು ಇಮೇಲ್‌ನಲ್ಲಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ವರದಿಯಲ್ಲಿ ರಿಮ್ಮಿನ ಹಾನಿ ದಾಖಲಾಗಿದ್ದು ಟೈರನ್ನು ಮಾತ್ರ ಬಿಟ್ಟಿದ್ದರೆ ನಿಮ್ಮ ವಾದ ಗಟ್ಟಿಯಾಗಿದೆ. ಉತ್ತರದಲ್ಲಿ ಹೀಗೆ ಬರೆಯಿರಿ: "ಪಾಲಿಸಿಯ ಷರತ್ತಿನ ಪ್ರಕಾರ ಅದೇ ವೇಳೆಗೆ ವಾಹನಕ್ಕೆ ಹಾನಿಯಾಗಿದ್ದರೆ ಟೈರಿಗೆ 50% ಕೊಡಬೇಕು. ಅದೇ ಏಟಿನಿಂದ ರಿಮ್ ಮತ್ತು ಲೋವರ್ ಆರ್ಮ್‌ಗೆ ಆದ ಹಾನಿಯನ್ನು ನಿಮ್ಮ ಸರ್ವೇಯರ್ ಒಪ್ಪಿದ್ದಾರೆ. ಹಾಗಾಗಿ ಟೈರಿನ ಮೊತ್ತವನ್ನೂ ಸೇರಿಸಿ." ರಿಮ್ ಮತ್ತು ಟೈರಿನ ಗುರುತು ಒಂದೇ ಕಡೆ ಇರುವ ಆ ಫೋಟೋವನ್ನು ಲಗತ್ತಿಸಿ.

ಇದನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ, ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲೂ ದಾಖಲಿಸಬಹುದು, 155255ಕ್ಕೆ ಕರೆ ಮಾಡಿಯೂ ತಿಳಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವೈಯಕ್ತಿಕ ಪಾಲಿಸಿದಾರರಿಗೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿ ನಿರಾಕರಿಸಿದ ದಿನದಿಂದ ಒಂದು ವರ್ಷದೊಳಗೆ ಕೊಡಬೇಕು. ದೂರಿಗೆ ಪಾಲಿಸಿ, ಸರ್ವೇ ವರದಿ, ಬಿಲ್, ಫೋಟೋ ಮತ್ತು ನಿಮ್ಮ ಇಮೇಲ್‌ಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಕಳಿಸಿ. ತೀರ್ಮಾನವಾಗುವವರೆಗೆ ಹಾಳಾದ ಟೈರನ್ನೂ ರಿಮ್ಮನ್ನೂ ಗುಜರಿಗೆ ಹಾಕದೆ ಮನೆಯ ಶೆಡ್ಡಿನಲ್ಲೇ ಇಟ್ಟುಕೊಳ್ಳಿ.